ಸವಳು ನೆಲದ ಲಾಗ್ ಲೆಕ್ಕ: ‘ಅರ್ಧಕ್ಕೆ ಇಳಿಯಿತು’ ಎಂದರೆ ಯಾವುದು ಇಳಿಯಿತು?

ಅಥಣಿ, ಕಾಗವಾಡ, ರಾಯಬಾಗ ತಾಲ್ಲೂಕುಗಳ ಕೃಷ್ಣಾ ದಂಡೆಯಲ್ಲಿ ಸವಳು-ಜವಳು ಎಂಬ ಮಾತನ್ನು ಯಾರಿಗೂ ವಿವರಿಸಿ ಹೇಳಬೇಕಿಲ್ಲ. ಎರೆ ಭೂಮಿಗೆ ವರ್ಷಗಟ್ಟಲೆ ಕಬ್ಬಿಗಾಗಿ ನೀರು ಬಿಟ್ಟದ್ದಾಯಿತು, ಆ ನೀರು ಬಸಿದು ಹೋಗಲು ದಾರಿ ಮಾಡಲಿಲ್ಲ. ನೆಲದಡಿಯ ನೀರಿನ ಮಟ್ಟ ಮೇಲೇರಿತು, ಬಿಸಿಲಿಗೆ ನೀರು ಆರಿ ಹೋಗಿ ಉಪ್ಪು ಮಾತ್ರ ಮೇಲುಳಿಯಿತು. ಉಗಾರದ ಕಡೆ ನೆಲದಡಿ ತೂತಿನ ಪೈಪು ಹೂಳಿ ಬಸಿಗಾಲುವೆ ಮಾಡಿದ ಹೊಲಗಳಿವೆ. ಪೈಪು ಹಾಕಿದ ಮೇಲೆ ಸವಳು ಎಷ್ಟು ಕಡಿಮೆಯಾಯಿತು ಎಂದು ಕೇಳಿದರೆ ಉತ್ತರ ಮಣ್ಣಿನ ವಿದ್ಯುತ್ ವಾಹಕತೆಯ ಅಂಕಿಯಲ್ಲಿ, ಅಂದರೆ ಮಣ್ಣು ಪರೀಕ್ಷೆಯ ಚೀಟಿಯಲ್ಲಿ ‘ಇ.ಸಿ.’ ಎಂದು ಬರೆದಿರುವ ಸಂಖ್ಯೆಯಲ್ಲಿ ಬರುತ್ತದೆ. ಅಳತೆ ಮೀಟರಿಗೆ ಇಷ್ಟು ಡೆಸಿಸೀಮನ್ಸ್ ಎಂದು. ಮುಂದೆ ಬರಿಯ ಅಂಕಿ ಬರೆದ ಕಡೆಯೆಲ್ಲ ಇದೇ ಅಳತೆ ಎಂದು ತಿಳಿಯಿರಿ.

ಈ ಅಂಕಿಗಳಿಗೊಂದು ಸ್ವಭಾವವಿದೆ. ಬಹಳಷ್ಟು ಹೊಲಗಳದ್ದು ಒಂದು, ಎರಡು, ಮೂರರ ಸುತ್ತ ಇರುತ್ತದೆ. ತಗ್ಗಿನಲ್ಲಿರುವ ಒಂದೆರಡು ಹೊಲಗಳದ್ದು ಮಾತ್ರ ಎಂಟು, ಹದಿನಾರು ಎಂದು ಹಾರುತ್ತದೆ. ಸೊನ್ನೆಗಿಂತ ಕೆಳಗೆ ಹೋಗಲು ಜಾಗವಿಲ್ಲ, ಮೇಲಕ್ಕೆ ಮಿತಿಯಿಲ್ಲ. ಇಂಥ ಓರೆಯಾದ ಅಂಕಿಗಳನ್ನು ಸಂಶೋಧಕರು ಲಾಗ್‌ಗೆ ಇಳಿಸಿ ಲೆಕ್ಕ ಮಾಡಿ, ಆಮೇಲೆ ಆಂಟಿಲಾಗ್ ತೆಗೆದು ಮೂಲ ಅಳತೆಗೆ ತಂದು ವರದಿ ಬರೆಯುತ್ತಾರೆ. ಎಡವಟ್ಟು ಹೆಚ್ಚಾಗಿ ಆಗುವುದು ಈ ಮರಳುವ ದಾರಿಯಲ್ಲಿ.

ಮುಂದಿನ ಮಾತಿಗೆಲ್ಲ ಒಂದೇ ಉದಾಹರಣೆ ಸಾಕು. ಇವು ಅಳೆದು ತಂದ ಅಂಕಿಗಳಲ್ಲ, ಲೆಕ್ಕ ಕಣ್ಣಿಗೆ ಕಾಣಲಿ ಎಂದು ನಾನೇ ಹಾಕಿಕೊಂಡವು. ಬಸಿಗಾಲುವೆ ಇಲ್ಲದ ಎಂಟು ಹೊಲಗಳು: 1.6, 2, 2.5, 3.2, 4, 5, 8, 16. ಬಸಿಗಾಲುವೆ ಇರುವ ಎಂಟು ಬೇರೆ ಹೊಲಗಳು: 0.8, 1, 1.25, 1.6, 2, 2.5, 4, 8. ಎರಡನೆಯ ಸಾಲು ಮೊದಲನೆಯದರ ಸರಿಯಾದ ಅರ್ಧ. ಬೇಕೆಂದೇ ಹಾಗೆ ಇಟ್ಟಿದ್ದೇನೆ.

ತಪ್ಪು ಕಲ್ಪನೆ: ಲಾಗ್ ಎಂದರೆ ದೊಡ್ಡ ಅಂಕಿಗಳನ್ನು ಅಡಗಿಸುವ ಕಸರತ್ತು

ವಾಸ್ತವ: ಲಾಗ್ ಯಾವ ಹೊಲವನ್ನೂ ಪಟ್ಟಿಯಿಂದ ತೆಗೆಯುವುದಿಲ್ಲ, ಯಾವುದರ ಸರದಿಯನ್ನೂ ಹಿಂದುಮುಂದು ಮಾಡುವುದಿಲ್ಲ. ಹದಿನಾರರ ಹೊಲ ಲಾಗ್‌ನಲ್ಲೂ ತುದಿಯಲ್ಲೇ ಇರುತ್ತದೆ. ಬದಲಾಗುವುದು ಅಂತರವನ್ನು ಅಳೆಯುವ ರೀತಿ. ಎರಡರಿಂದ ನಾಲ್ಕಕ್ಕೆ ಹೋಗುವುದೂ ಎಂಟರಿಂದ ಹದಿನಾರಕ್ಕೆ ಹೋಗುವುದೂ ಲಾಗ್‌ನಲ್ಲಿ ಸಮ ಹೆಜ್ಜೆ, ಏಕೆಂದರೆ ಎರಡೂ ದುಪ್ಪಟ್ಟು.

ಸವಳಿಗೆ ಈ ಅಳತೆ ಒಗ್ಗುವುದಕ್ಕೆ ಮಣ್ಣಿನಲ್ಲೇ ಕಾರಣವಿದೆ. ನೀರು ಬಸಿಯುವಾಗ ಪ್ರತಿ ಹೊಲದಿಂದ ಇಷ್ಟೇ ತೂಕದ ಉಪ್ಪನ್ನು ಒಯ್ಯುವುದಿಲ್ಲ, ಅಲ್ಲಿರುವ ಉಪ್ಪಿನಲ್ಲಿ ಒಂದು ಪಾಲನ್ನು ಒಯ್ಯುತ್ತದೆ. ಒಂದು ಅಡಿ ಆಳದ ಮಣ್ಣಿನ ಮೂಲಕ ಒಂದು ಅಡಿ ನೀರು ಇಳಿದು ಬಸಿದರೆ ಕರಗುವ ಉಪ್ಪಿನಲ್ಲಿ ಸುಮಾರು ಶೇ 80 ಹೋಗುತ್ತದೆ ಎಂಬ ರೂಢಿಯ ಸೂತ್ರ ಇರುವುದೂ ಶೇಕಡಾವಾರಿನಲ್ಲೇ. ಎರೆ ಭೂಮಿಯಲ್ಲಿ ನೀರು ಇಳಿಯುವುದೇ ನಿಧಾನ, ಆ ಮಾತು ಬೇರೆ. ಪರಿಣಾಮ ಗುಣಾಕಾರದ್ದಾಗಿರುವಾಗ ಅದನ್ನು ಕೂಡಿ ಕಳೆಯುವ ಮಾತಿನಲ್ಲಿ ಹೇಳಹೊರಟರೆ ಒಂದೊಂದು ಹೊಲಕ್ಕೆ ಒಂದೊಂದು ಉತ್ತರ ಬರುತ್ತದೆ. ನಮ್ಮ ಉದಾಹರಣೆಯನ್ನೇ ಜೋಡಿ ಜೋಡಿಯಾಗಿ ನೋಡಿ: ಮೊದಲ ಜೋಡಿಯಲ್ಲಿ ವ್ಯತ್ಯಾಸ 0.8, ಕೊನೆಯ ಜೋಡಿಯಲ್ಲಿ 8. ಅನುಪಾತ ಮಾತ್ರ ಎಲ್ಲ ಕಡೆಯೂ ಅರ್ಧ.

ತಪ್ಪು ಕಲ್ಪನೆ: ಲಾಗ್‌ಗಳ ಸರಾಸರಿಗೆ ಆಂಟಿಲಾಗ್ ತೆಗೆದರೆ ನಮ್ಮ ಮಾಮೂಲಿ ಸರಾಸರಿಯೇ ಮರಳಿ ಬರುತ್ತದೆ

ವಾಸ್ತವ: ಬರುವುದಿಲ್ಲ. ಬಸಿಗಾಲುವೆ ಇಲ್ಲದ ಎಂಟು ಹೊಲಗಳ ಅಂಕಿ ಕೂಡಿ ಎಂಟರಿಂದ ಭಾಗಿಸಿದರೆ 5.29. ಅವೇ ಅಂಕಿಗಳ ಹತ್ತರ ಆಧಾರದ ಲಾಗ್ ತೆಗೆದು, ಸರಾಸರಿ ಮಾಡಿದರೆ 0.602, ಅದರ ಆಂಟಿಲಾಗ್ 4.0. ಇದು ಗುಣೋತ್ತರ ಮಾಧ್ಯ. ಅಂಕಿಗಳನ್ನು ಕೂಡುವ ಬದಲು ಗುಣಿಸಿ, ಎಂಟನೆಯ ಮೂಲ ತೆಗೆದರೂ ಇದೇ ಉತ್ತರ. ಬಸಿಗಾಲುವೆ ಇರುವ ಸಾಲಿಗೆ ಮಾಮೂಲಿ ಸರಾಸರಿ 2.64, ಗುಣೋತ್ತರ ಮಾಧ್ಯ 2.0.

ಲಾಗ್‌ಗೆ ಇಳಿಸಿದ ಮೇಲೆ ಅಂಕಿಗಳು ಎರಡೂ ಕಡೆ ಸಮವಾಗಿ ಹರಡಿದ್ದರೆ ಗುಣೋತ್ತರ ಮಾಧ್ಯ ಮಧ್ಯಾಂಕದ ಹತ್ತಿರ ಬಂದು ನಿಲ್ಲುತ್ತದೆ. ಇಲ್ಲಿ ಮಧ್ಯಾಂಕ 3.6. ಅಂದರೆ 4.0 ಎಂಬುದು ‘ನಡುವಿನ ಹೊಲ ಹೇಗಿದೆ’ ಎಂಬ ಪ್ರಶ್ನೆಗೆ ಉತ್ತರ. ‘ಒಟ್ಟು ಎಷ್ಟು, ಅದನ್ನು ಹಂಚಿದರೆ ತಲೆಗೆಷ್ಟು’ ಎಂಬ ಪ್ರಶ್ನೆಗೆ ಉತ್ತರ 5.29. ಎರಡೂ ಸರಿಯಾದ ಸಂಖ್ಯೆಗಳೇ. ಆದರೆ 4.0 ಎಂದು ಬರೆದು ಪಕ್ಕದಲ್ಲಿ ‘ಸರಾಸರಿ’ ಎಂದಷ್ಟೇ ಬರೆದರೆ ಓದುವವನಿಗೆ ಮೋಸ.

ಯಾವುದನ್ನು ಯಾವಾಗ ಬಳಸಬೇಕು ಎಂಬುದಕ್ಕೆ ಕಬ್ಬಿನ ಬೆಳೆಯೇ ಒಳ್ಳೆಯ ಸಾಕ್ಷಿ. ಮಾಸ್ ಮತ್ತು ಹಾಫ್‌ಮನ್ 1977ರಲ್ಲಿ ಪ್ರಕಟಿಸಿದ ಪಟ್ಟಿಯ ಪ್ರಕಾರ ಕಬ್ಬು 1.7ರ ತನಕ ಸವಳನ್ನು ತಡೆದುಕೊಳ್ಳುತ್ತದೆ. ಅದರ ಮೇಲೆ ಪ್ರತಿ ಒಂದು ಡೆಸಿಸೀಮನ್ಸ್‌ಗೆ ಇಳುವರಿ ಸುಮಾರು ಶೇ 5.9ರಷ್ಟು ಇಳಿಯುತ್ತದೆ. ಈ ಲೆಕ್ಕದಲ್ಲಿ 4.0ರ ಹೊಲಕ್ಕೆ ನಷ್ಟ ಶೇ 13.6. ಹದಿನಾರರ ಹೊಲದಲ್ಲಿ ಕಬ್ಬು ಹೆಚ್ಚು ಕಡಿಮೆ ಹೋದಂತೆಯೇ, ನಷ್ಟ ಶೇ 84. ಈಗ ಎಂಟೂ ಹೊಲಗಳ ನಷ್ಟವನ್ನು ಒಂದೊಂದಾಗಿ ಲೆಕ್ಕ ಹಾಕಿ ಸರಾಸರಿ ತೆಗೆಯಿರಿ: ಶೇ 21.2. ಗುಣೋತ್ತರ ಮಾಧ್ಯವಾದ 4.0 ಸೂಚಿಸುವ ಶೇ 13.6ಕ್ಕಿಂತ ಇದು ಬಹಳ ಹೆಚ್ಚು. ಮಾಮೂಲಿ ಸರಾಸರಿ 5.29 ಇಟ್ಟು ಲೆಕ್ಕ ಹಾಕಿದರೆ ಬರುವುದು ಸರಿಸುಮಾರು ಇದೇ ಅಂಕಿ. ಕಾರಣ ಸರಳ: ನಷ್ಟ ಏರುವುದು ಲಾಗ್‌ನ ಹೆಜ್ಜೆಯಲ್ಲಿ ಅಲ್ಲ, ಡೆಸಿಸೀಮನ್ಸ್‌ನ ಹೆಜ್ಜೆಯಲ್ಲಿ.

ಹಾಗಾಗಿ ಬಸಿಗಾಲುವೆ ಕೆಲಸ ಮಾಡಿತೇ ಎಂದು ತಿಳಿಯಲು ಲಾಗ್ ಲೆಕ್ಕ ಸರಿ. ಕಾರ್ಖಾನೆಗೆ ಎಷ್ಟು ಟನ್ ಕಬ್ಬು ಕಡಿಮೆ ಬರುತ್ತದೆ ಎಂದು ಅಂದಾಜು ಮಾಡುವವರು ಗುಣೋತ್ತರ ಮಾಧ್ಯವನ್ನು ಕೈಗೆತ್ತಿಕೊಂಡರೆ ನಷ್ಟವನ್ನು ಕಡಿಮೆ ಕಾಣುತ್ತಾರೆ, ಅದೂ ಸವಳು ಅತಿ ಹೆಚ್ಚಿರುವ ರೈತನ ಲೆಕ್ಕದಲ್ಲಿ.

ಲಾಗ್ ಮಾದರಿಯಿಂದಲೇ ಮಾಮೂಲಿ ಸರಾಸರಿಗೆ ಮರಳಲು ದಾರಿಯಿಲ್ಲವೆಂದಲ್ಲ. ಅಂಕಿಗಳು ಲಾಗ್‌ನಲ್ಲಿ ಗಂಟೆಯಾಕಾರಕ್ಕೆ ಬರುತ್ತವೆ ಎಂದಾದರೆ, ಸ್ವಾಭಾವಿಕ ಲಾಗ್‌ನಲ್ಲಿ ತೆಗೆದ ವಿಚಲನೆಯ ವರ್ಗದ ಅರ್ಧವನ್ನು ಸರಾಸರಿಗೆ ಕೂಡಿಸಿ ಆಮೇಲೆ ಆಂಟಿಲಾಗ್ ತೆಗೆಯಬೇಕು. ನಮ್ಮ ಸಾಲಿಗೆ ವಿಚಲನೆ 0.76, ವರ್ಗದ ಅರ್ಧ 0.289. ಅದರ ಆಂಟಿಲಾಗ್ 1.335, ನಾಲ್ಕನ್ನು ಅದರಿಂದ ಗುಣಿಸಿದರೆ 5.34. ನಿಜವಾದ 5.29ಕ್ಕೆ ಇದು ಹತ್ತಿರವೇ. ಗಂಟೆಯಾಕಾರವನ್ನು ನಂಬಲು ಮನಸ್ಸಿಲ್ಲದವರಿಗೆ ನೈಹುವಾ ಡುವಾನ್ 1983ರಲ್ಲಿ ಸೂಚಿಸಿದ ‘ಸ್ಮಿಯರಿಂಗ್’ ಎಂಬ ವಿಧಾನವಿದೆ: ಸೂತ್ರದ ಬದಲು ಉಳಿಕೆಗಳ ಆಂಟಿಲಾಗ್‌ಗಳ ಸರಾಸರಿಯಿಂದ ಗುಣಿಸುವುದು.

ತಪ್ಪು ಕಲ್ಪನೆ: ವ್ಯತ್ಯಾಸದ ಆಂಟಿಲಾಗ್ 0.5 ಬಂದರೆ ಸವಳು 0.5 ಡೆಸಿಸೀಮನ್ಸ್ ಇಳಿಯಿತು

ವಾಸ್ತವ: ನಾನು ಕಂಡ ತಪ್ಪುಗಳಲ್ಲಿ ಅತಿ ಹೆಚ್ಚು ಹಾನಿ ಮಾಡುವುದು ಇದು. ಲಾಗ್‌ನಲ್ಲಿ ಕಳೆದರೆ ಮೂಲದಲ್ಲಿ ಭಾಗಿಸಿದಂತೆ. ಬಸಿಗಾಲುವೆ ಇರುವ ಸಾಲಿನ ಲಾಗ್ ಸರಾಸರಿ 0.301, ಇಲ್ಲದ ಸಾಲಿನದು 0.602, ಇರುವುದರಿಂದ ಇಲ್ಲದ್ದನ್ನು ಕಳೆದರೆ −0.301, ಆಂಟಿಲಾಗ್ 0.50. ಈ 0.50ಕ್ಕೆ ಅಳತೆಯ ಹೆಸರೇ ಇಲ್ಲ, ಅದು ಬರಿಯ ಅನುಪಾತ. ಬಸಿಗಾಲುವೆ ಇರುವ ಕಡೆಯ ಗುಣೋತ್ತರ ಮಾಧ್ಯ, ಇಲ್ಲದ ಕಡೆಯದರ ಶೇ 50 ಎಂದು ಅದರ ಅರ್ಥ. ಡೆಸಿಸೀಮನ್ಸ್‌ನಲ್ಲಿ ಹೇಳಲೇಬೇಕೆಂದರೆ ಎರಡೂ ಗುಣೋತ್ತರ ಮಾಧ್ಯಗಳನ್ನು ಪಕ್ಕಪಕ್ಕ ಬರೆಯಬೇಕು: 4.0 ಮತ್ತು 2.0.

ಅನುಪಾತಕ್ಕೆ ಇನ್ನೊಂದು ಲಾಭವಿದೆ, ಅದನ್ನು ನಮ್ಮ ಭಾಗದವರು ಗಮನಿಸಬೇಕು. ಮಣ್ಣು ಆರೋಗ್ಯ ಚೀಟಿಯ ಇ.ಸಿ. ಸಾಮಾನ್ಯವಾಗಿ ಮಣ್ಣಿಗೆ ಎರಡು ಅಥವಾ ಎರಡೂವರೆ ಪಟ್ಟು ನೀರು ಕಲಸಿ ಅಳೆದದ್ದು. ಕಬ್ಬಿನ 1.7, ಸವಳು ನೆಲ ಎನ್ನಲು ಬಳಸುವ 4 ಎಂಬ ಮಿತಿಗಳು ಹಾಗಲ್ಲ. ಮಣ್ಣನ್ನು ನೀರಿನಿಂದ ತಣಿಸಿ ಕೆಸರು ಮಾಡಿ, ಹಿಂಡಿ ತೆಗೆದ ನೀರಿನಲ್ಲಿ ಅಳೆದದ್ದಕ್ಕೆ ಸೇರಿದವು. ಚೀಟಿಯ ಅಂಕಿ ಯಾವಾಗಲೂ ಅದಕ್ಕಿಂತ ಚಿಕ್ಕದು. ಹಾಗಾಗಿ ಚೀಟಿಯ ಒಂದನ್ನು ನೋಡಿ ‘ಮಿತಿಯೊಳಗಿದೆ’ ಎನ್ನುವುದು ಅಪಾಯ. ಆದರೆ ಒಂದೇ ಬಗೆಯ ಮಣ್ಣಿನಲ್ಲಿ ಎರಡು ವಿಧಾನಗಳ ನಡುವೆ ಇರುವುದು ಒಂದು ಸ್ಥಿರ ಗುಣಕ ಎಂದುಕೊಂಡರೆ, ಭಾಗಿಸುವಾಗ ಆ ಗುಣಕ ಮೇಲೂ ಕೆಳಗೂ ಬಂದು ವಜಾ ಆಗುತ್ತದೆ. ಅನುಪಾತ ಎರಡು ವಿಧಾನಕ್ಕೂ ಒಂದೇ.

ಮಾಮೂಲಿ ಸರಾಸರಿಗಳ ಅನುಪಾತವೂ ಇಲ್ಲಿ 0.50ಯೇ. ಎರಡೂ ಸಾಲು ಲಾಗ್‌ನಲ್ಲಿ ಸಮಾನವಾಗಿ ಹರಡಿರುವುದರಿಂದ ಹೀಗಾಯಿತು. ಬಸಿಗಾಲುವೆ ಹಾಕಿದ ಕಡೆ ತಗ್ಗಿನ ಹೊಲ ಮಾತ್ರ ತೊಳೆದು ಹೋಗಿ ಹರಹು ಕುಗ್ಗಿದ್ದರೆ ಎರಡು ಅನುಪಾತಗಳೂ ಬೇರೆ ಬೇರೆಯಾಗುತ್ತಿದ್ದವು. ಆಗ ಯಾವುದು ಎಂದು ಹೇಳದೆ ಬರೆದ ‘ಅರ್ಧಕ್ಕೆ ಇಳಿಯಿತು’ ಎಂಬ ಮಾತಿಗೆ ಬೆಲೆಯಿಲ್ಲ.

ತಪ್ಪು ಕಲ್ಪನೆ: ವಿಚಲನೆಗೂ ಆಂಟಿಲಾಗ್ ತೆಗೆದು ± ಹಾಕಿದರೆ ಮುಗಿಯಿತು

ವಾಸ್ತವ: ಹತ್ತರ ಆಧಾರದ ಲಾಗ್‌ನಲ್ಲಿ ನಮ್ಮ ಸಾಲಿನ ಮಾನಕ ವಿಚಲನೆ 0.33. ಆಂಟಿಲಾಗ್ 2.14. ಇದನ್ನು ‘4.0 ± 2.14’ ಎಂದು ಬರೆದ ಕೋಷ್ಟಕ ಕಂಡರೆ ಅಲ್ಲೇ ನಿಲ್ಲಿ. 2.14 ಗುಣಕ, ಡೆಸಿಸೀಮನ್ಸ್ ಅಲ್ಲ. ಅದರಿಂದ ಗುಣಿಸಬೇಕು, ಭಾಗಿಸಬೇಕು: 4.0 ಭಾಗಿಸು 2.14 ಎಂದರೆ 1.87, ಗುಣಿಸು 2.14 ಎಂದರೆ 8.56. ಎಂಟರಲ್ಲಿ ಆರು ಹೊಲ ಈ ವ್ಯಾಪ್ತಿಯೊಳಗಿವೆ, ಹೊರಗುಳಿದದ್ದು 1.6 ಮತ್ತು 16.

ವಿಶ್ವಾಸ ವ್ಯಾಪ್ತಿಗೂ ಇದೇ ನಿಯಮ. ಲೆಕ್ಕವೆಲ್ಲ ಲಾಗ್‌ನಲ್ಲೇ ಮುಗಿಸಿ, ಎರಡು ತುದಿಗಳನ್ನು ಮಾತ್ರ ಕೊನೆಗೆ ಮರಳಿ ತರಬೇಕು. ಆರ್ ತಂತ್ರಾಂಶದಲ್ಲಿ ಇದು ನಾಲ್ಕೈದು ಸಾಲಿನ ಕೆಲಸ:

```r
illa <- c(1.6, 2, 2.5, 3.2, 4, 5, 8, 16)
ide  <- illa / 2
r <- t.test(log(ide), log(illa), var.equal = TRUE)
exp(r$estimate)
exp(r$estimate[[1]] - r$estimate[[2]])
exp(r$conf.int)
```

ಮೊದಲ `exp` ಎರಡು ಗುಣೋತ್ತರ ಮಾಧ್ಯಗಳನ್ನು ಕೊಡುತ್ತದೆ, ಎರಡನೆಯದು ಅನುಪಾತ 0.50, ಮೂರನೆಯದು ಅದರ ಶೇ 95ರ ವ್ಯಾಪ್ತಿ: 0.22ರಿಂದ 1.13. ಈ ವ್ಯಾಪ್ತಿ 0.50ರ ಎರಡೂ ಕಡೆ ಸಮನಾಗಿಲ್ಲ, ಕೆಳಗೆ 0.28, ಮೇಲೆ 0.63. ಅದು ತಪ್ಪಲ್ಲ, ಹಾಗೆಯೇ ಇರಬೇಕು. ಸಮನಾಗಿದ್ದರೇ ಯಾರೋ ± ಹಾಕಿದ್ದಾರೆ ಎಂದು ಅನುಮಾನಿಸಿ.

ಇನ್ನೊಂದು ವಿಷಯ: ವ್ಯಾಪ್ತಿಯೊಳಗೆ 1 ಸೇರಿಕೊಂಡಿದೆ. ಅಂದರೆ ಈ ಹದಿನಾರು ಹೊಲಗಳ ಆಧಾರದಲ್ಲಿ ಸವಳು ಶೇ 78 ಇಳಿದಿರಬಹುದು, ಶೇ 13 ಏರಿಯೂ ಇರಬಹುದು. ‘ಅರ್ಧಕ್ಕೆ ಇಳಿಯಿತು’ ಎಂದು ತಲೆಬರಹ ಕೊಡಲು ಇಷ್ಟು ಸಾಲದು. ಹರಹು ಇಷ್ಟೇ ಇದ್ದು ಎರಡೂ ಕಡೆ 32 ಹೊಲ ಅಳೆದಿದ್ದರೆ ವ್ಯಾಪ್ತಿ 0.34ರಿಂದ 0.73ಕ್ಕೆ ಬಿಗಿಯಾಗುತ್ತಿತ್ತು. ಅವು ಬೇರೆ ಬೇರೆ ಹೊಲಗಳೇ ಆಗಿರಬೇಕು. ಒಂದೇ ಹೊಲದ ನಾಲ್ಕು ಮೂಲೆಯ ಮಣ್ಣನ್ನು ನಾಲ್ಕು ಮಾದರಿ ಎಂದು ಎಣಿಸಿದರೆ ವ್ಯಾಪ್ತಿ ಬಿಗಿಯಾದಂತೆ ಕಂಡರೂ ನೆಲದ ಬಗ್ಗೆ ಹೊಸದಾಗಿ ಏನೂ ತಿಳಿದಿರುವುದಿಲ್ಲ.

ತಪ್ಪು ಕಲ್ಪನೆ: ಯಾವ ಆಧಾರದ ಲಾಗ್ ಎಂಬುದರ ಮೇಲೆ ಫಲಿತಾಂಶ ನಿಂತಿದೆ

ವಾಸ್ತವ: ಇಲ್ಲ. ಹೋಗುವಾಗ ಬಳಸಿದ ಆಧಾರವನ್ನೇ ಬರುವಾಗಲೂ ಬಳಸಿದರೆ ಅನುಪಾತ ಒಂದೇ. ಕ್ಯಾಲ್ಕುಲೇಟರಿನ `log` ಗುಂಡಿ ಹತ್ತರ ಆಧಾರದ್ದು, ಆರ್‌ನ `log()` ಸ್ವಾಭಾವಿಕ. ಇವು ಬೆರೆತರೆ 0.301ರ ಆಂಟಿಲಾಗ್ 2.0 ಆಗುವ ಬದಲು 1.35 ಆಗುತ್ತದೆ. ಪತ್ತೆ ಹಚ್ಚುವುದು ಸುಲಭ: ಮರಳಿ ಬಂದ ಗುಣೋತ್ತರ ಮಾಧ್ಯ ಮಧ್ಯಾಂಕದ ಹತ್ತಿರ ಇಲ್ಲದಿದ್ದರೆ ಮೊದಲು ಆಧಾರ ನೋಡಿ.

ತಪ್ಪು ಕಲ್ಪನೆ: ಸೊನ್ನೆ ಇದ್ದರೆ ಎಲ್ಲದಕ್ಕೂ ಒಂದು ಕೂಡಿಸಿ ಲಾಗ್ ತೆಗೆದರಾಯಿತು

ವಾಸ್ತವ: ಇ.ಸಿ.ಯಲ್ಲಿ ಸೊನ್ನೆ ಬರುವುದಿಲ್ಲ, ಆದರೂ ಅಭ್ಯಾಸಬಲದಿಂದ ಒಂದು ಕೂಡಿಸುವವರಿದ್ದಾರೆ. 0.8 ಡೆಸಿಸೀಮನ್ಸ್‌ಗೆ ಒಂದು ಕೂಡಿಸಿದರೆ ಅದು ದುಪ್ಪಟ್ಟಿಗೂ ಮಿಕ್ಕಿತು. ಅದೇ ಮಣ್ಣನ್ನು ಸೆಂಟಿಮೀಟರಿಗೆ ಇಷ್ಟು ಮೈಕ್ರೋಸೀಮನ್ಸ್ ಎಂದು ಬರೆದರೆ ಅದು 800. ಒಂದು ಕೂಡಿದ್ದು ಗೊತ್ತೂ ಆಗದು. ಮಣ್ಣು ಅದೇ, ಉತ್ತರ ಬೇರೆ. ಜೊತೆಗೆ, ಒಂದು ಕೂಡಿಸಿದ ಮೇಲೆ ವ್ಯತ್ಯಾಸದ ಆಂಟಿಲಾಗ್ ಇ.ಸಿ.ಯ ಅನುಪಾತವಾಗಿ ಉಳಿಯುವುದಿಲ್ಲ. ಕೀಟಗಳ ಎಣಿಕೆಯಂತಹ, ನಿಜಕ್ಕೂ ಸೊನ್ನೆಗಳಿರುವ ಅಂಕಿಗಳಿಗೆ ಎಣಿಕೆಗೆಂದೇ ಇರುವ ಮಾದರಿಗಳಿವೆ. ಅವನ್ನು ಬಳಸುವುದು ಲೇಸು.

ತಪ್ಪು ಕಲ್ಪನೆ: ನಡುವಿನ ಅಂಕಿ ಸ್ವಲ್ಪವೇ ಇಳಿದರೆ ಉಪಯೋಗವೂ ಸ್ವಲ್ಪವೇ

ವಾಸ್ತವ: ಓರೆ ಹಂಚಿಕೆಯಲ್ಲಿ ಅಪಾಯವೆಲ್ಲ ತುದಿಯಲ್ಲಿ ಕೂತಿರುತ್ತದೆ. ಇದಕ್ಕೆ ಬೆಳಗಾವಿ ಜಿಲ್ಲೆಯಲ್ಲೇ, ಮಣ್ಣಿಗೆ ಸಂಬಂಧವಿಲ್ಲದ ಒಂದು ದೊಡ್ಡ ಸಾಕ್ಷಿ ಇದೆ. ಹೆರಿಗೆಯ ನಂತರದ ರಕ್ತಸ್ರಾವ ತಡೆಯಲು ಮಿಸೊಪ್ರೊಸ್ಟಾಲ್ ಮಾತ್ರೆ ಎಷ್ಟು ಉಪಯೋಗ ಎಂದು ನೋಡಲು ಜಿಲ್ಲೆಯ ಹಳ್ಳಿಗಳಲ್ಲಿ, ಬೆಳಗಾವಿಯ ಜವಾಹರಲಾಲ್ ನೆಹರು ವೈದ್ಯಕೀಯ ಕಾಲೇಜಿನ ಸಂಶೋಧಕರೂ ಸೇರಿ 1620 ಮಹಿಳೆಯರ ಮೇಲೆ ಪ್ರಯೋಗ ನಡೆಸಿದರು. ಹೆರಿಗೆ ಮಾಡಿಸಿದವರು ಕಿರಿಯ ಆರೋಗ್ಯ ಸಹಾಯಕಿಯರು. ರಕ್ತವನ್ನು ಅಳತೆಯ ಗೆರೆಗಳಿದ್ದ ಪ್ಲಾಸ್ಟಿಕ್ ಹಾಸಿನಲ್ಲಿ ಹಿಡಿದು ಅಳೆದರು. ಫಲಿತಾಂಶ 2006ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂತು. ರಕ್ತಸ್ರಾವವೂ ಸವಳಿನಂತೆ ಬಲಕ್ಕೆ ಓರೆಯಾದ ಅಳತೆಯೇ.

ಮಾಮೂಲಿ ಸರಾಸರಿ 262.3 ಮಿಲಿಲೀಟರ್‌ನಿಂದ 214.3ಕ್ಕೆ ಇಳಿದಿತ್ತು. ಅನುಪಾತ 0.82, ಅಂದರೆ ಶೇ 18ರ ಇಳಿಕೆ. 48 ಮಿಲಿಲೀಟರ್ ಎಂದರೆ ಅಷ್ಟೇನೂ ದೊಡ್ಡದಲ್ಲ ಅನ್ನಿಸುತ್ತದೆ. ಆದರೆ 500 ಮಿಲಿಲೀಟರ್ ದಾಟಿದವರ ಪಾಲು ಶೇ 12.0ರಿಂದ 6.4ಕ್ಕೆ ಬಂತು, ಹತ್ತಿರ ಹತ್ತಿರ ಅರ್ಧ. 18 ಮಂದಿಗೆ ಮಾತ್ರೆ ಕೊಟ್ಟರೆ ಒಬ್ಬರ ಅತಿಸ್ರಾವ ತಪ್ಪುತ್ತದೆ ಎಂಬ ಲೆಕ್ಕ ಬಂದದ್ದು ಇದರಿಂದಲೇ. ಇಡೀ ಹಂಚಿಕೆ ಒಂದು ಸಣ್ಣ ಗುಣಕದಿಂದ ಎಡಕ್ಕೆ ಸರಿದರೆ, ಮಿತಿಯಾಚೆಯ ತೆಳ್ಳನೆಯ ಬಾಲ ಅದಕ್ಕಿಂತ ಬಹಳ ಹೆಚ್ಚಾಗಿ ಕುಗ್ಗುತ್ತದೆ.

ಹೊಲಕ್ಕೆ ಮರಳಿದರೆ, ನಾಲ್ಕನ್ನು ಮೀರಿದ ಹೊಲಗಳು ನಮ್ಮ ಉದಾಹರಣೆಯಲ್ಲಿ ಮೂರರಿಂದ ಒಂದಕ್ಕೆ ಬಂದಿವೆ. ಮೇಲಿನ ಸೂತ್ರದಂತೆ ಕಬ್ಬಿನ ಸರಾಸರಿ ನಷ್ಟ ಶೇ 21.2ರಿಂದ 7.2ಕ್ಕೆ ಇಳಿದಿದೆ. ಅನುಪಾತವೊಂದನ್ನೇ ಬರೆದು ಬಿಟ್ಟರೆ ರೈತನಿಗೆ ಈ ಎರಡೂ ಸಂಗತಿ ಸಿಗುವುದಿಲ್ಲ.

ಹಾಗಾದರೆ ವರದಿಯಲ್ಲಿ ಹೇಗೆ ಬರೆಯಬೇಕು? ನಮ್ಮ ಉದಾಹರಣೆಗೆ ನಾನು ಬರೆಯುವುದು ಹೀಗೆ: ‘ಇ.ಸಿ. ಓರೆಯಾಗಿ ಹರಡಿದ್ದರಿಂದ ಲಾಗ್‌ನಲ್ಲಿ ಲೆಕ್ಕ ಮಾಡಲಾಗಿದೆ. ಗುಣೋತ್ತರ ಮಾಧ್ಯ ಬಸಿಗಾಲುವೆ ಇಲ್ಲದ ಎಂಟು ಹೊಲಗಳಲ್ಲಿ 4.0, ಇರುವ ಎಂಟು ಹೊಲಗಳಲ್ಲಿ 2.0. ಅನುಪಾತ 0.50, ಶೇ 95ರ ವಿಶ್ವಾಸ ವ್ಯಾಪ್ತಿ 0.22ರಿಂದ 1.13. ಮಾಮೂಲಿ ಸರಾಸರಿ 5.29 ಮತ್ತು 2.64. ನಾಲ್ಕನ್ನು ಮೀರಿದ ಹೊಲಗಳು ಮೂರು ಮತ್ತು ಒಂದು.’ ಮಣ್ಣನ್ನು ಯಾವ ವಿಧಾನದಲ್ಲಿ, ಎಷ್ಟು ಆಳದಿಂದ, ಮಳೆಗೆ ಮುಂಚೆ ತೆಗೆದದ್ದೋ ಆಮೇಲೋ ಎಂಬುದನ್ನೂ ಅದೇ ಪುಟದಲ್ಲಿ ಹೇಳಬೇಕು, ಏಕೆಂದರೆ ಒಂದು ಒಳ್ಳೆಯ ಮುಂಗಾರು ಬಸಿಗಾಲುವೆಯ ಕೆಲಸದಲ್ಲಿ ಒಂದು ಪಾಲನ್ನು ತಾನೇ ಮಾಡಿಬಿಡುತ್ತದೆ.

ಚಿಕ್ಕೋಡಿ, ನಿಪ್ಪಾಣಿಯಿಂದ ಅಥಣಿಯವರೆಗೆ ಸವಳು ನೆಲದ ಮೇಲೆ ಪ್ರಬಂಧ, ಯೋಜನಾ ವರದಿ ಬರೆಯುವ ವಿದ್ಯಾರ್ಥಿಗಳಿಗೂ ಅಧಿಕಾರಿಗಳಿಗೂ ಒಂದು ಕೋರಿಕೆ: ಅನುಪಾತದ ಜೊತೆಗೆ ಹೊಲವಾರು ಮೂಲ ಅಂಕಿಗಳನ್ನೂ ಅನುಬಂಧದಲ್ಲಿ ಅಚ್ಚು ಹಾಕಿಸಿ. ಲಾಗ್ ಗೊತ್ತಿಲ್ಲದವರೂ ಆಗ ತಮ್ಮ ಹೊಲದ ಅಂಕಿ ಎಲ್ಲಿದೆ ಎಂದು ಹುಡುಕಿ ನೋಡಬಹುದು.